ಐದು ದಿನದ ವಿಳಂಬ, ಮೂರು ತಿಂಗಳ ಬಡ್ಡಿ: ಸ್ವತಂತ್ರ ವೃತ್ತಿನಿರತರ ಮುಂಗಡ ತೆರಿಗೆ

ದಸರೆ ಮತ್ತು ದೀಪಾವಳಿ ಹತ್ತಿರ ಬಂದಂತೆ ಊದುಬತ್ತಿ ತಯಾರಕರಿಗೆ ಹೊಸ ಪೊಟ್ಟಣ, ಹೊಸ ಲೇಬಲ್ಲು, ಅಂಗಡಿಯ ಮುಂದೆ ತೂಗುಹಾಕುವ ಹೊಸ ಜಾಹೀರಾತು ಫಲಕಗಳು ಬೇಕಾಗುತ್ತವೆ. ಈ ಕೆಲಸಕ್ಕೆ ಸಂಬಳದ ನೌಕರನನ್ನು ಇಟ್ಟುಕೊಳ್ಳುವ ಸಣ್ಣ ಸಂಸ್ಥೆಗಳು ವಿರಳ. ಮನೆಯ ಒಂದು ಕೋಣೆಯಲ್ಲಿ ಗಣಕಯಂತ್ರವನ್ನಿಟ್ಟುಕೊಂಡು ಹತ್ತಾರು ಗಿರಾಕಿಗಳಿಗೆ ಕೆಲಸ ಮಾಡಿಕೊಡುವ ಸ್ವತಂತ್ರ ವಿನ್ಯಾಸಕಾರನಿಗೆ ಅದನ್ನು ಒಪ್ಪಿಸುವುದೇ ರೂಢಿ. ಅವನ ಬಿಲ್ಲುಗಳು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ರಾಶಿಯಾಗುತ್ತವೆ. ಹಣ ಕೈಸೇರುವುದು ಹಬ್ಬದ ವ್ಯಾಪಾರ ಮುಗಿದ ಮೇಲೆ. ಆದಾಯ ತೆರಿಗೆಯ ಕಾನೂನಾದರೋ ಹಬ್ಬದ ಪಂಚಾಂಗವನ್ನು ನೋಡುವುದಿಲ್ಲ. ಅದಕ್ಕೆ ತಿಳಿದಿರುವುದು ನಾಲ್ಕು ದಿನಾಂಕಗಳು ಮಾತ್ರ: ಜೂನ್ 15, ಸೆಪ್ಟೆಂಬರ್ 15, ಡಿಸೆಂಬರ್ 15 ಮತ್ತು ಮಾರ್ಚ್ 15.

ಮೂಲದಲ್ಲಿ ಕಡಿತವಾದ ತೆರಿಗೆಯನ್ನು ಕಳೆದ ಮೇಲೂ ವರ್ಷದ ತೆರಿಗೆ 10,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಉಳಿಯುವಂತಿದ್ದರೆ ಅದನ್ನು ವರ್ಷದೊಳಗೇ ಕಂತುಗಳಲ್ಲಿ ಕಟ್ಟಬೇಕು. ಜೂನ್ 15ರೊಳಗೆ ಶೇಕಡಾ 15, ಸೆಪ್ಟೆಂಬರ್ 15ರೊಳಗೆ ಹಿಂದಿನದೂ ಸೇರಿ ಶೇಕಡಾ 45, ಡಿಸೆಂಬರ್ 15ರೊಳಗೆ ಶೇಕಡಾ 75, ಮಾರ್ಚ್ 15ರೊಳಗೆ ಪೂರ್ಣ ಮೊತ್ತ. ಇಲ್ಲಿ ಅನೇಕರು ಎಡವುವುದು ಒಂದೇ ಅಂಶದಲ್ಲಿ. ಜೂನ್ ಕಂತೆಂದರೆ ಏಪ್ರಿಲ್‌ನಿಂದ ಜೂನ್‌ವರೆಗೆ ಗಳಿಸಿದ ಆದಾಯದ ಮೇಲಿನ ತೆರಿಗೆ ಎಂದು ಅವರು ಭಾವಿಸುತ್ತಾರೆ. ಹಾಗಲ್ಲ. ಅದು ಇಡೀ ವರ್ಷದ ತೆರಿಗೆಯ ಶೇಕಡಾ 15. ಜೂನ್‌ವರೆಗೆ ಒಂದು ಬಿಲ್ಲೂ ವಸೂಲಾಗದಿದ್ದರೂ ಆ ಪಾಲು ಆಗಲೇ ಸಲ್ಲಬೇಕಾದದ್ದು. ಹಬ್ಬದ ಹಂಗಾಮಿನ ಮೇಲೆ ನಿಂತ ವೃತ್ತಿಗೆ ಇದು ಬಿಗಿಯಾದ ನಿಯಮವೇ ಸರಿ. ಆದರೆ ಕಾನೂನು ಇರುವುದು ಹಾಗೆ.

ಒಂದು ವರ್ಷದ ಲೆಕ್ಕ

ಅಂತಹ ಒಬ್ಬ ವಿನ್ಯಾಸಕಾರನ 2025-26ನೆಯ ಆರ್ಥಿಕ ವರ್ಷವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಇದು ಅವನ ವೃತ್ತಿಯ ನಾಲ್ಕನೆಯ ವರ್ಷ. ಸರಕು ಮತ್ತು ಸೇವಾ ತೆರಿಗೆಯನ್ನು ಬಿಟ್ಟು ಅವನ ಜಮೆ 24,00,000 ರೂಪಾಯಿ. ಬಾಡಿಗೆ, ತಂತ್ರಾಂಶದ ವಾರ್ಷಿಕ ಶುಲ್ಕ, ಸಹಾಯಕನ ಸಂಬಳ ಎಲ್ಲ ಸೇರಿ ವೆಚ್ಚ 6,00,000. ಲೆಕ್ಕಪುಸ್ತಕಗಳನ್ನಿಟ್ಟು ನಿಜವಾದ ಲಾಭವನ್ನೇ ಘೋಷಿಸುವುದು ಅವನ ಪದ್ಧತಿ. ಆದ್ದರಿಂದ ತೆರಿಗೆಗೆ ಒಳಪಡುವ ಆದಾಯ 18,00,000 ರೂಪಾಯಿ. ಹೊಸ ತೆರಿಗೆ ಪದ್ಧತಿಯಲ್ಲಿ ಆ ವರ್ಷ ಮೊದಲ 4 ಲಕ್ಷಕ್ಕೆ ತೆರಿಗೆಯಿಲ್ಲ; ಅನಂತರದ ಪ್ರತಿ 4 ಲಕ್ಷಕ್ಕೆ ಶೇಕಡಾ 5, 10, 15, 20 ಎಂದು ದರ ಏರುತ್ತದೆ. ಅದರಂತೆ ಅವನ ತೆರಿಗೆ 1,60,000. ಶೇಕಡಾ 4ರ ಉಪಕರ ಸೇರಿ 1,66,400 ರೂಪಾಯಿ. ಗಿರಾಕಿಗಳಲ್ಲಿ ಕೆಲವರು ಶೇಕಡಾ 10ರಂತೆ ಮೂಲದಲ್ಲಿಯೇ ಕಡಿತ ಮಾಡಿದ ತೆರಿಗೆ 66,400. ಉಳಿದದ್ದು ಸರಿಯಾಗಿ 1,00,000 ರೂಪಾಯಿ. ಕಂತುಗಳ ಲೆಕ್ಕವೆಲ್ಲ ಈ ಒಂದು ಲಕ್ಷದ ಮೇಲೆಯೇ ನಡೆಯುತ್ತದೆ.

ಜೂನ್‌ನಲ್ಲಿ ಅವನು ಏನನ್ನೂ ಕಟ್ಟಲಿಲ್ಲ. ಸೆಪ್ಟೆಂಬರ್ 15ಕ್ಕೆ 30,000 ಕಟ್ಟಬೇಕೆಂದಿದ್ದರೂ ಒಂದು ಚೆಕ್ಕು ತಡವಾಗಿ ಬಂದುದರಿಂದ ಕಟ್ಟಿದ್ದು ಸೆಪ್ಟೆಂಬರ್ 20ಕ್ಕೆ. ಡಿಸೆಂಬರ್ 15ಕ್ಕೆ ಮತ್ತೆ 30,000 ಕಟ್ಟಿದ. ಮಾರ್ಚ್‌ನಲ್ಲಿ ಮಗಳ ಶಾಲೆಯ ಶುಲ್ಕ ಎದುರಾಯಿತು. ಉಳಿದ 40,000ವನ್ನು ವಿವರಣಪತ್ರದ ಹೊತ್ತಿಗೆ ಕಟ್ಟಿದರಾಯಿತೆಂದು ಬಿಟ್ಟು, ಜುಲೈ 5ರಂದು ಕಟ್ಟಲು ಕುಳಿತ.

ಕಂತು ತಪ್ಪಿದ್ದಕ್ಕೆ ಬಡ್ಡಿ ಹಾಕುವುದು 1961ರ ಕಾಯ್ದೆಯ 234ಸಿ ಕಲಂ. ದರ ತಿಂಗಳಿಗೆ ಶೇಕಡಾ 1, ಸರಳ ಬಡ್ಡಿ. ಆದರೆ ಮೊದಲ ಮೂರು ಕಂತುಗಳಲ್ಲಿ ಯಾವುದರಲ್ಲಿ ಕೊರತೆ ಬಿದ್ದರೂ ಬಡ್ಡಿ ಇಡಿಯಾಗಿ ಮೂರು ತಿಂಗಳಿನದು. ಎಷ್ಟು ದಿನ ತಡವಾಯಿತೆಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಆ ದಿನಾಂಕದಂದು ಎಷ್ಟು ಕೊರತೆಯಿತ್ತು ಎಂಬುದಷ್ಟೇ ಬರುತ್ತದೆ. ಜೂನ್ 15ರಂದು ಕೊರತೆ 15,000. ಬಡ್ಡಿ 450 ರೂಪಾಯಿ. ಸೆಪ್ಟೆಂಬರ್ 15ರಂದು ಒಂದು ರೂಪಾಯಿಯೂ ಸಂದಿರಲಿಲ್ಲವಾದ್ದರಿಂದ ಕೊರತೆ 45,000, ಬಡ್ಡಿ 1,350. ಡಿಸೆಂಬರ್ 15ರಂದು ಸಂದದ್ದು 60,000, ಸಲ್ಲಬೇಕಾದದ್ದು 75,000; ಬಡ್ಡಿ 450. ಕೊನೆಯ ಕಂತಿಗೆ ಮಾತ್ರ ಒಂದೇ ತಿಂಗಳ ಬಡ್ಡಿ: 40,000ದ ಮೇಲೆ 400 ರೂಪಾಯಿ. ಒಟ್ಟು 2,650.

ಇದರಲ್ಲಿ ಸೆಪ್ಟೆಂಬರ್‌ನ ಅಂಕಿಯನ್ನು ಮತ್ತೊಮ್ಮೆ ನೋಡಬೇಕು. ಅದೇ 30,000 ರೂಪಾಯಿ 15ನೆಯ ತಾರೀಖಿನೊಳಗೆ ಸಂದಿದ್ದರೆ ಕೊರತೆ 15,000ಕ್ಕೆ ಇಳಿದು ಬಡ್ಡಿ 450 ಆಗುತ್ತಿತ್ತು. ಐದು ದಿನದ ವಿಳಂಬದ ಬೆಲೆ 900 ರೂಪಾಯಿ. ಇನ್ನೂ ವಿಚಿತ್ರವೆಂದರೆ, ಹದಿನೈದು ದಾಟಿದ ಮೇಲೆ ಅವನು ಆ ಹಣವನ್ನು ಸೆಪ್ಟೆಂಬರ್ 20ರ ಬದಲು ಡಿಸೆಂಬರ್ 15ಕ್ಕೇ ಕಟ್ಟಿದ್ದರೂ ಬಡ್ಡಿ ಒಂದು ಪೈಸೆಯೂ ಹೆಚ್ಚುತ್ತಿರಲಿಲ್ಲ. ಮೂರು ತಿಂಗಳ ಬಡ್ಡಿ ಆಗಲೇ ಬಿದ್ದಾಗಿತ್ತು. ಸಾಲದ ಬಡ್ಡಿಗೆ ಒಗ್ಗಿದ ವರ್ತಕನಿಗೆ ಇದು ತಲೆಕೆಳಗಾಗಿ ಕಾಣಬಹುದು. ಓವರ್‌ಡ್ರಾಫ್ಟ್ ಖಾತೆಯಲ್ಲಿ ಒಂದು ವಾರ ಹಣ ತೆಗೆದರೆ ಒಂದು ವಾರದ ಬಡ್ಡಿ. ಇಲ್ಲಿ ಒಂದು ವಾರಕ್ಕೂ ಶೇಕಡಾ 3. ಆದುದರಿಂದ ನಾಲ್ಕು ದಿನ ಕೈಸಾಲ ಮಾಡಿಯಾದರೂ ತಾರೀಖಿನೊಳಗೆ ಕಟ್ಟುವುದು ಲಾಭ. ತಾರೀಖು ದಾಟಿದ ಮೇಲೆ ಮಾತ್ರ, ಮುಂದಿನ ತಾರೀಖಿನವರೆಗೆ ಅವಸರಪಟ್ಟು ಸಾಲ ಮಾಡುವುದರಲ್ಲಿ ಅರ್ಥವಿಲ್ಲ.

ಕಾನೂನು ಒಂದಿಷ್ಟು ಸಡಿಲಿಕೆಯನ್ನೂ ಇಟ್ಟಿದೆ. ಜೂನ್‌ನಲ್ಲಿ ಶೇಕಡಾ 15ರ ಬದಲು 12, ಸೆಪ್ಟೆಂಬರ್‌ನಲ್ಲಿ 45ರ ಬದಲು 36 ಸಂದಿದ್ದರೂ ಆ ಕಂತಿಗೆ ಬಡ್ಡಿಯಿಲ್ಲ. ವರ್ಷದ ಆರಂಭದಲ್ಲಿ ಆದಾಯವನ್ನು ನಿಖರವಾಗಿ ಅಂದಾಜಿಸುವುದು ಯಾರಿಗೂ ಸಾಧ್ಯವಿಲ್ಲವೆಂಬ ವಿವೇಕ ಇದರ ಹಿಂದಿದೆ. ಆದರೆ ಆ ಗೆರೆಗಿಂತ ಕೆಳಗಿಳಿದರೆ ಕೊರತೆಯನ್ನು 12ರಿಂದಲ್ಲ, ಪೂರ್ಣ 15ರಿಂದಲೇ ಎಣಿಸುತ್ತಾರೆ. ಡಿಸೆಂಬರ್ ಮತ್ತು ಮಾರ್ಚ್ ಕಂತುಗಳಿಗೆ ಈ ಸಡಿಲಿಕೆ ಇಲ್ಲ.

ಮಾರ್ಚ್ 31ರ ಗೆರೆ

ಎರಡನೆಯ ಬಡ್ಡಿ 234ಬಿ ಕಲಮಿನದು. ಇದು ಕಂತುಗಳನ್ನು ನೋಡುವುದಿಲ್ಲ. ವರ್ಷದ ಕೊನೆಯ ಚಿತ್ರವನ್ನು ಮಾತ್ರ ನೋಡುತ್ತದೆ. ಮೂಲದಲ್ಲಿನ ಕಡಿತವನ್ನು ಕಳೆದು ಉಳಿದ ತೆರಿಗೆಯ ಶೇಕಡಾ 90ರಷ್ಟಾದರೂ ಮಾರ್ಚ್ 31ರೊಳಗೆ ಸಂದಿರಬೇಕು. ಇಲ್ಲವಾದರೆ ಏಪ್ರಿಲ್ 1ರಿಂದ ಪ್ರತಿ ತಿಂಗಳಿಗೆ, ತಿಂಗಳ ಒಂದು ಭಾಗವಾದರೂ ಪೂರ್ಣ ತಿಂಗಳಿಗೆ, ಕೊರತೆಯ ಮೇಲೆ ಶೇಕಡಾ 1. ವಿನ್ಯಾಸಕಾರ ಕಟ್ಟಿದ್ದು 60,000, 90,000ಕ್ಕಿಂತ ಕಡಿಮೆ. ಆದ್ದರಿಂದ 40,000ದ ಮೇಲೆ ಏಪ್ರಿಲ್, ಮೇ, ಜೂನ್, ಜುಲೈ ಎಂದು ನಾಲ್ಕು ತಿಂಗಳ ಬಡ್ಡಿ 1,600 ರೂಪಾಯಿ. ಜುಲೈ ತಿಂಗಳಿನಲ್ಲಿ ಕಳೆದದ್ದು ಐದೇ ದಿನ. ಜೂನ್ 30ಕ್ಕೆ ಕಟ್ಟಿದ್ದರೆ 1,200ಕ್ಕೆ ಮುಗಿಯುತ್ತಿತ್ತು.

ಮಾರ್ಚ್ 15 ತಪ್ಪಿತೆಂದು ಕೈಚೆಲ್ಲಿ ಕುಳಿತದ್ದೇ ಇಲ್ಲಿಯ ದೊಡ್ಡ ನಷ್ಟ. ಮಾರ್ಚ್ 31ರವರೆಗೆ ಕಟ್ಟಿದ ಯಾವುದೇ ಮೊತ್ತವನ್ನು ಕಾನೂನು ಮುಂಗಡ ತೆರಿಗೆಯೆಂದೇ ಪರಿಗಣಿಸುತ್ತದೆ. ಆ ಹದಿನಾರು ದಿನಗಳಲ್ಲಿ ಅವನು 40,000ವನ್ನೂ ಹೊಂದಿಸಬೇಕಾಗಿರಲಿಲ್ಲ. 30,000 ಕಟ್ಟಿದ್ದರೆ ಒಟ್ಟು 90,000 ಆಗಿ 234ಬಿ ಪೂರ್ತಿ ತಪ್ಪುತ್ತಿತ್ತು. ಉಳಿದ 10,000ವನ್ನು ವಿವರಣಪತ್ರದೊಂದಿಗೆ ಕಟ್ಟಿದ್ದರೂ ಈ ಕಲಮಿನ ಬಡ್ಡಿ ಸೋಕುತ್ತಿರಲಿಲ್ಲ. 29,000 ಕಟ್ಟಿದ್ದರಾದರೋ 11,000ದ ಪೂರ್ಣ ಕೊರತೆಯ ಮೇಲೆ ಬಡ್ಡಿ ನಡೆಯುತ್ತಿತ್ತು. ಸಾವಿರ ರೂಪಾಯಿಯ ಅಂತರದಲ್ಲಿ ಬಡ್ಡಿ ಇದೆ ಅಥವಾ ಇಲ್ಲ ಎಂಬುದು ನಿರ್ಧಾರವಾಗುವ ಸ್ಥಳವಿದು.

ಎರಡೂ ಸೇರಿ ಬಡ್ಡಿ 4,250 ರೂಪಾಯಿ. ಜುಲೈ 5ರಂದು ಅವನು ಬಾಕಿ ತೆರಿಗೆಯೆಂದು 40,000 ಮಾತ್ರ ಕಟ್ಟಿದರೆ ಇನ್ನೊಂದು ತೊಡಕು ಹುಟ್ಟುತ್ತದೆ. ಸ್ವಯಂ ನಿರ್ಧರಣೆಯ ತೆರಿಗೆಯಾಗಿ ಕಟ್ಟಿದ ಹಣ ಸಾಲದೆ ಹೋದಾಗ ಅದು ಮೊದಲು ಶುಲ್ಕಕ್ಕೆ, ಆಮೇಲೆ ಬಡ್ಡಿಗೆ, ಕೊನೆಗೆ ತೆರಿಗೆಗೆ ಜಮೆಯಾಗುತ್ತದೆ. ಅಂದರೆ 4,250 ಬಡ್ಡಿಗೆ ಹೋಗಿ ತೆರಿಗೆಗೆ ಸಲ್ಲುವುದು 35,750 ಮಾತ್ರ. ಉಳಿದ 4,250ರ ಮೇಲೆ ಬಡ್ಡಿ ಮುಂದುವರಿಯುತ್ತದೆ. ಕಟ್ಟಬೇಕಾದದ್ದು 44,250. ಈ ಬಡ್ಡಿಯನ್ನು ವೃತ್ತಿಯ ವೆಚ್ಚವೆಂದು ಲಾಭದಿಂದ ಕಳೆಯಲೂ ಬರುವುದಿಲ್ಲ. ಅಧಿಕಾರಿಯ ಮುಂದೆ ಕಷ್ಟ ಹೇಳಿಕೊಂಡರೆ ಬಿಟ್ಟಾರೆಂಬ ನಿರೀಕ್ಷೆಗೂ ಆಧಾರವಿಲ್ಲ: 234ಎ, 234ಬಿ, 234ಸಿ ಕಲಂಗಳ ಬಡ್ಡಿ ಕಡ್ಡಾಯವೆಂದು ಸರ್ವೋಚ್ಚ ನ್ಯಾಯಾಲಯ 2001ರಲ್ಲಿ ಅಂಜುಂ ಘಸ್ವಾಲಾ ಪ್ರಕರಣದಲ್ಲಿ ಹೇಳಿದೆ.

ಗಿರಾಕಿ ಕಡಿತ ಮಾಡದಿದ್ದಾಗ

ಇಷ್ಟರವರೆಗೆ ತಪ್ಪು ವಿನ್ಯಾಸಕಾರನದೇ. ಆದರೆ ಕಂತುಗಳನ್ನೆಲ್ಲ ತಾರೀಖಿಗೆ ಸರಿಯಾಗಿ ಕಟ್ಟಿದವನೂ ಬಡ್ಡಿಗೆ ಸಿಕ್ಕಿಬೀಳುವ ಒಂದು ದಾರಿಯಿದೆ. ಅದರ ಬೀಗದ ಕೈ ಇರುವುದು ಕೆಲಸ ಕೊಡುವ ವರ್ತಕನ ಬಳಿ.

ಅದೇ ವಿನ್ಯಾಸಕಾರ ಶಿಸ್ತಿನವನೆಂದು ಭಾವಿಸೋಣ. ವರ್ಷದ ಆರಂಭದಲ್ಲಿ ಮೂಲದ ಕಡಿತ 86,400 ಆಗುವುದೆಂದು ಅವನು ಅಂದಾಜು ಮಾಡಿದ. ಉಳಿಯುವ ತೆರಿಗೆ 80,000. ಅದರಂತೆ ನಾಲ್ಕು ತಾರೀಖುಗಳಿಗೆ ಸರಿಯಾಗಿ ಒಟ್ಟು 12,000, 36,000, 60,000, 80,000 ಆಗುವಂತೆ ಕಟ್ಟಿಕೊಂಡು ಬಂದ. ಆದರೆ ಒಬ್ಬ ಗಿರಾಕಿ 2,00,000 ರೂಪಾಯಿಯ ಬಿಲ್ಲಿಗೆ ಕಡಿತವನ್ನೇ ಮಾಡದೆ ಪೂರ್ಣ ಹಣ ಕೊಟ್ಟುಬಿಟ್ಟ. ವಿನ್ಯಾಸಕಾರನಿಗೆ ಆಗ ಸಂತೋಷವೇ ಆಗಿರಬಹುದು. ಲೆಕ್ಕದಲ್ಲಿ ಮಾತ್ರ 20,000ದ ಕಡಿತ ಮಾಯವಾಗಿ ಉಳಿದ ತೆರಿಗೆ 1,00,000ಕ್ಕೆ ಏರಿತು. ಅವನು ಕಟ್ಟಿದ 12,000 ಮತ್ತು 36,000 ಸಡಿಲಿಕೆಯ ಗೆರೆಗೆ ಸರಿಯಾಗಿ ಹೊಂದಿದ್ದರಿಂದ ಮೊದಲ ಎರಡು ಕಂತುಗಳಿಗೆ ಬಡ್ಡಿ ತಪ್ಪಿತು. ಡಿಸೆಂಬರ್‌ನ 15,000ದ ಕೊರತೆಗೆ 450, ಮಾರ್ಚ್‌ನ 20,000ಕ್ಕೆ 200, ಒಟ್ಟು ಪಾವತಿ ಶೇಕಡಾ 90ನ್ನು ಮುಟ್ಟದ ಕಾರಣ ಜುಲೈವರೆಗಿನ 234ಬಿ ಬಡ್ಡಿ 800. ಹೀಗೆ 1,450 ರೂಪಾಯಿ ಅವನ ತಲೆಗೆ ಬಂತು.

ಕಡಿತ ಮಾಡಬೇಕಾದವನು ಮಾಡಲಿಲ್ಲ, ತನ್ನ ತಪ್ಪೇನು ಎಂಬ ವಾದ ಒಂದು ಕಾಲದಲ್ಲಿ ನಡೆಯುತ್ತಿತ್ತು. 2012ರ ಹಣಕಾಸು ಅಧಿನಿಯಮ ಆ ಬಾಗಿಲನ್ನು ಮುಚ್ಚಿತು: ಕಡಿತವಿಲ್ಲದೆ ಹಣ ಕೈಸೇರಿದ್ದರೆ, ಕಡಿತವಾಗಬೇಕಿದ್ದ ಮೊತ್ತವನ್ನು ಮುಂಗಡ ತೆರಿಗೆಯ ಲೆಕ್ಕದಲ್ಲಿ ಕಳೆದುಕೊಳ್ಳುವಂತಿಲ್ಲ. ಅದಕ್ಕೂ ಹಿಂದಿನ ವರ್ಷಗಳಿಗೆ ಮಾತ್ರ ಕರದಾತನ ವಾದ ಸಲ್ಲುತ್ತದೆಂದು 2021ರಲ್ಲಿ ಮಿತ್ಸುಬಿಷಿ ಕಾರ್ಪೊರೇಷನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ಆದುದರಿಂದ ಪೂರ್ಣ ಬಿಲ್ಲು ಬ್ಯಾಂಕಿಗೆ ಬಂದ ದಿನವೇ ವಿನ್ಯಾಸಕಾರ ತನ್ನ ಅಂದಾಜನ್ನು ತಿದ್ದಿಕೊಳ್ಳಬೇಕು. ಕೊಡುವವನಿಗೂ ಇದು ಬಿಟ್ಟಿ ಉಪಕಾರವಲ್ಲ; ಕಡಿತದ ಹೊಣೆಯುಳ್ಳವನು ಅದನ್ನು ತಪ್ಪಿಸಿದರೆ ಆ ವೆಚ್ಚದ ಶೇಕಡಾ 30ನ್ನು ಅವನ ಲಾಭದ ಲೆಕ್ಕದಲ್ಲಿ ಒಪ್ಪದೆ ಹೋಗಬಹುದು, ಮೇಲೆ ಬಡ್ಡಿಯೂ ಬೀಳುತ್ತದೆ.

ಬಿಲ್ಲಿನಿಂದ ಕಡಿತ ಮಾಡಿಕೊಂಡೂ ಅದನ್ನು ಸರ್ಕಾರಕ್ಕೆ ಕಟ್ಟದ ಗಿರಾಕಿಯ ಮಾತು ಬೇರೆ. ಅಲ್ಲಿ ವಿನ್ಯಾಸಕಾರನಿಂದ ಅದೇ ತೆರಿಗೆಯನ್ನು ಮತ್ತೆ ಕೇಳುವಂತಿಲ್ಲವೆಂದು 205ನೆಯ ಕಲಂ ರಕ್ಷಣೆ ಕೊಡುತ್ತದೆ. ಆದರೆ ಗಣಕಯಂತ್ರ ಕಲಂ ಓದುವುದಿಲ್ಲ. 26ಎಎಸ್ ಪಟ್ಟಿಯಲ್ಲಿ ಆ ಮೊತ್ತ ಕಾಣದಿದ್ದರೆ ಬೇಡಿಕೆಯ ಪತ್ರ ತಾನಾಗಿ ಹೊರಡುತ್ತದೆ. ಆಗ ಕಡಿತವನ್ನು ತೋರಿಸುವ ಬಿಲ್ಲು, ಬ್ಯಾಂಕಿಗೆ ಬಂದ ನಿವ್ವಳ ಹಣದ ದಾಖಲೆ, ಗಿರಾಕಿಯೊಂದಿಗಿನ ಪತ್ರವ್ಯವಹಾರ ಇವನ್ನಿಟ್ಟುಕೊಂಡು ಉತ್ತರಿಸಬೇಕಾಗುತ್ತದೆ. ಡಿಸೆಂಬರ್ ಕಂತಿಗೆ ಮುಂಚೆ ಒಮ್ಮೆ, ಮಾರ್ಚ್ ಮೊದಲ ವಾರದಲ್ಲಿ ಒಮ್ಮೆ ಆ ಪಟ್ಟಿಯನ್ನು ತೆರೆದು ಬಿಲ್ಲುಗಳೊಂದಿಗೆ ತಾಳೆ ನೋಡಿದರೆ ಎರಡೂ ಬಗೆಯ ಗಿರಾಕಿಗಳು ಬಹುಮಟ್ಟಿಗೆ ಬಯಲಾಗುತ್ತಾರೆ. ಕೊನೆಯ ತ್ರೈಮಾಸಿಕದ ಕಡಿತಗಳು ಮಾತ್ರ ಮಾರ್ಚ್‌ನಲ್ಲಿ ಅಲ್ಲಿ ಕಾಣಲಾರವು. ಅವನ್ನು ಗಿರಾಕಿಯನ್ನೇ ಕೇಳಿ ತಿಳಿಯಬೇಕು.

ಯಾರಿಗೆ ವಿನಾಯಿತಿ

ನೌಕರಿ ಬಿಟ್ಟು ವರ್ಷದ ನಡುವೆ ಮೊದಲ ಬಾರಿಗೆ ಸ್ವತಂತ್ರ ವೃತ್ತಿಗೆ ಇಳಿದವನಿಗೆ 234ಸಿ ಕಲಮಿನಲ್ಲಿಯೇ ಒಂದು ಅನುಕೂಲವಿದೆ. ವ್ಯಾಪಾರ ಅಥವಾ ವೃತ್ತಿಯ ಆದಾಯ ಮೊದಲ ಬಾರಿಗೆ ಹುಟ್ಟಿದ ವರ್ಷ, ಅದನ್ನು ಅಂದಾಜಿಸದೆ ಹೋದುದರಿಂದ ಬಿದ್ದ ಕೊರತೆಗೆ ಬಡ್ಡಿ ಹಾಕುವುದಿಲ್ಲ. ಆದರೆ ಆ ಆದಾಯದ ತೆರಿಗೆಯನ್ನು ಉಳಿದ ಕಂತುಗಳಲ್ಲಿ, ಕಂತು ಉಳಿದಿಲ್ಲದಿದ್ದರೆ ಮಾರ್ಚ್ 31ರೊಳಗೆ ಕಟ್ಟಿರಬೇಕು. ಈ ಅನುಕೂಲ ಒಂದೇ ವರ್ಷಕ್ಕೆ, ಮತ್ತು 234ಬಿಗೆ ಅನ್ವಯಿಸುವುದಿಲ್ಲ.

ಅರುವತ್ತು ದಾಟಿದವರಿಗೆ ಮುಂಗಡ ತೆರಿಗೆ ಇಲ್ಲವೆಂಬ ಮಾತನ್ನು ಅರ್ಧವಷ್ಟೇ ನಂಬಬೇಕು. ವ್ಯಾಪಾರ ಅಥವಾ ವೃತ್ತಿಯ ಆದಾಯವಿಲ್ಲದ ನಿವಾಸಿ ಹಿರಿಯ ನಾಗರಿಕರಿಗೆ ಮಾತ್ರ ಆ ವಿನಾಯಿತಿ. ನಿವೃತ್ತರಾಗಿ ಕಾರ್ಖಾನೆಗಳಿಗೆ ಸಲಹೆಗಾರರಾಗಿ ದುಡಿಯುವ ಇಂಜಿನಿಯರರಿಗೆ ಅದು ಸಿಗದು.

ಅಂತಹ ಇಂಜಿನಿಯರರಿಗೆ ಬೇರೊಂದು ದಾರಿ ಇದೆ. 44ಎಡಿಎ ಕಲಮಿನಂತೆ ಜಮೆಯ ಅರ್ಧವನ್ನು ಆದಾಯವೆಂದು ಘೋಷಿಸುವವರು ನಾಲ್ಕು ಕಂತು ಕಟ್ಟಬೇಕಾಗಿಲ್ಲ. ಇಡೀ ತೆರಿಗೆಯನ್ನು ಮಾರ್ಚ್ 15ರೊಳಗೆ ಕಟ್ಟಿದರೆ ಸಾಕು, ತಪ್ಪಿದರೆ ಒಂದು ತಿಂಗಳ ಬಡ್ಡಿ. ಈ ಕಲಂ ಕಾನೂನು, ವೈದ್ಯಕೀಯ, ಇಂಜಿನಿಯರಿಂಗ್, ಲೆಕ್ಕಪರಿಶೋಧನೆ ಮುಂತಾದ ಹೆಸರಿಸಿದ ವೃತ್ತಿಗಳಿಗೆ ಸೀಮಿತ. ಜಾಹೀರಾತು ವಿನ್ಯಾಸ ಆ ಪಟ್ಟಿಯಲ್ಲಿಲ್ಲ, ಶೇಕಡಾ 10ರ ಮೂಲ ಕಡಿತದ ಪಟ್ಟಿಯಲ್ಲಿ ಮಾತ್ರ ಜಾಹೀರಾತು ವೃತ್ತಿ ಇದೆ ಎಂಬುದು ವಿನ್ಯಾಸಕಾರರ ದುರದೃಷ್ಟ. ಇಂಜಿನಿಯರರೂ ಒಂದು ಎಚ್ಚರ ವಹಿಸಬೇಕು. ಜಮೆ 50 ಲಕ್ಷ, ಅಥವಾ ನಗದು ಜಮೆ ಶೇಕಡಾ 5 ಮೀರದಿದ್ದಲ್ಲಿ 75 ಲಕ್ಷ ದಾಟಿದರೆ ಈ ಕಲಮಿನ ಆಶ್ರಯ ತಪ್ಪುತ್ತದೆ. ಫೆಬ್ರುವರಿಯ ಒಂದು ದೊಡ್ಡ ಬಿಲ್ಲಿನಿಂದ ಹಾಗಾದರೂ ಜೂನ್‌ನಿಂದಲೇ ನಾಲ್ಕೂ ಕಂತುಗಳ ಕೊರತೆ ಲೆಕ್ಕಕ್ಕೆ ಬರುತ್ತದೆ.

ಹಣ ಕಟ್ಟುವಾಗ

ಮುಂಗಡ ತೆರಿಗೆಗೆ ಅಂದಾಜು ಪಟ್ಟಿಯನ್ನು ಇಲಾಖೆಗೆ ಸಲ್ಲಿಸಬೇಕಾಗಿಲ್ಲ. ಇಲಾಖೆಯ ತಾಣದ e-Pay Tax ವಿಭಾಗದಲ್ಲಿ ಚಲನ್ ತಯಾರಿಸಿ ಕಟ್ಟಬಹುದು. ಅಲ್ಲಿ ಮುಂಗಡ ತೆರಿಗೆಗೆ ಸಂಕೇತ 100, ಸ್ವಯಂ ನಿರ್ಧರಣೆಯ ತೆರಿಗೆಗೆ 300. ಮಾರ್ಚ್ ಕೊನೆಯಲ್ಲಿ ಅವಸರದಿಂದ ಕಟ್ಟುವವರು 300ನ್ನು ಒತ್ತುವುದು, ವರ್ಷವನ್ನು ತಪ್ಪಾಗಿ ಆರಿಸುವುದು ಉಂಟು. 2025-26ರಲ್ಲಿ ಗಳಿಸಿದ ಆದಾಯಕ್ಕೆ ಆರಿಸಬೇಕಾದ ನಿರ್ಧರಣಾ ವರ್ಷ 2026-27. ತಪ್ಪಾದರೆ ಕಟ್ಟಿದ ಹಣ ಇದ್ದರೂ ಲೆಕ್ಕದಲ್ಲಿ ಸಿಗದೆ, ಅದನ್ನು ಸರಿಪಡಿಸುವವರೆಗೆ ಬಡ್ಡಿ ತೋರಿಸುತ್ತದೆ. ಕೊನೆಯ ದಿನ ಬ್ಯಾಂಕಿನ ರಜೆಯಾದರೆ ಮರುದಿನದ ಪಾವತಿಗೆ ಬಡ್ಡಿಯಿಲ್ಲವೆಂದು ಕೇಂದ್ರ ನೇರ ತೆರಿಗೆ ಮಂಡಳಿಯ 1994ರ ಸುತ್ತೋಲೆ ಹೇಳುತ್ತದೆ. 2025ರ ಜೂನ್ 15, 2026ರ ಮಾರ್ಚ್ 15 ಎರಡೂ ಭಾನುವಾರಗಳು. ಆ ಕಂತುಗಳಿಗೆ 16ನೆಯ ತಾರೀಖೂ ಸಕಾಲವೇ.

2026ರ ಏಪ್ರಿಲ್ 1ರಿಂದ ಆರಂಭವಾಗುವ ವರ್ಷಗಳಿಗೆ 1961ರ ಕಾಯ್ದೆಯ ಸ್ಥಾನದಲ್ಲಿ 2025ರ ಆದಾಯ ತೆರಿಗೆ ಕಾಯ್ದೆ ಅನ್ವಯಿಸುತ್ತದೆ. ಅದರಲ್ಲಿ 234ಬಿ ಕಲಮಿನ ವಿಷಯ 424ನೆಯ ಕಲಮಿಗೂ 234ಸಿ ಕಲಮಿನದು 425ಕ್ಕೂ ಹೋಗಿದೆ. ನಿರ್ಧರಣಾ ವರ್ಷವೆಂಬ ಹೆಸರು ಹೋಗಿ, ಆದಾಯ ಗಳಿಸಿದ ವರ್ಷವನ್ನೇ ತೆರಿಗೆ ವರ್ಷವೆಂದು ಕರೆಯಲಾಗಿದೆ. ನಾಲ್ಕು ತಾರೀಖುಗಳೂ, ಒಂದು ದಿನ ತಪ್ಪಿದರೂ ಬೀಳುವ ಶೇಕಡಾ 3ರ ಬಡ್ಡಿಯೂ ಹಾಗೆಯೇ ಉಳಿದಿವೆ. 2025-26ರವರೆಗಿನ ಆದಾಯದ ಲೆಕ್ಕ, ವಿವರಣಪತ್ರ ಯಾವಾಗ ಸಲ್ಲಿಸಿದರೂ, ಹಳೆಯ ಕಾಯ್ದೆಯಂತೆಯೇ ನಡೆಯುತ್ತದೆ.